ಮಾಂಟೂ, ಇಗ್ರಾ ಪಾಸಿಟಿವ್ ಬಂದ ಮಾತ್ರಕ್ಕೆ ಟಿಬಿ ರೋಗವೇ?

ಪ್ರಶ್ನೆ: ನಮ್ಮದು ಪೊನ್ನಂಪೇಟೆ ಕಡೆಯ ಕಾಫಿ ತೋಟದ ಮನೆ. ಎರಡು ತಿಂಗಳ ಹಿಂದೆ ಮಾವನವರ ಕಫದಲ್ಲಿ ಟಿಬಿ ಕಂಡುಬಂತು, ಮಾತ್ರೆ ನಡೆಯುತ್ತಿದೆ. ನನಗೆ 34 ವರ್ಷ. ಮಾಂಟೂ 14 ಮಿ.ಮೀ., ರಕ್ತದ ಇಗ್ರಾ ಪಾಸಿಟಿವ್, 1.86 ಎಂದಿದೆ. ಎಕ್ಸ್‌ರೇ ಸರಿಯಿದೆ, ಕೆಮ್ಮು ಜ್ವರ ಏನೂ ಇಲ್ಲ. ಗಂಡನಿಗೆ ಶುಗರ್ ಇದೆ. ಕೈಲ್‌ಪೊಳ್ದ್ ಹಬ್ಬದ ಗಡಿಬಿಡಿಯಲ್ಲಿ ಅವರ ಮಾಂಟೂವನ್ನು ಐದನೇ ದಿನ ತೋರಿಸಿದೆವು, 4 ಮಿ.ಮೀ., ನೆಗೆಟಿವ್ ಅಂದರು. ಮೂರು ವಾರದಿಂದ ಕೆಮ್ಮುತ್ತಿದ್ದಾರೆ, ಮಳೆಯ ಕೆಮ್ಮು ಅನ್ನುತ್ತಾರೆ. ನನಗೆ ಟಿಬಿ ಇದೆಯೇ? ಮೂರು ವರ್ಷದ ಮಗನನ್ನು ನನ್ನ ಹತ್ತಿರ ಮಲಗಿಸಬಹುದೇ?

ಉತ್ತರ: ಮಗನನ್ನು ಧೈರ್ಯವಾಗಿ ಹತ್ತಿರ ಮಲಗಿಸಿಕೊಳ್ಳಿ. ನೀವು ಕೊಟ್ಟಿರುವ ವಿವರ ನೋಡಿದರೆ ನಿಮಗೆ ಟಿಬಿ ರೋಗ ಇಲ್ಲ, ಟಿಬಿ ಸೋಂಕು ಮಾತ್ರ ಇದೆ. ನನಗೆ ಚಿಂತೆ ಇರುವುದು ನಿಮ್ಮ ಯಜಮಾನರ ಬಗ್ಗೆ. ಈ ವಾರವೇ ಅವರ ಕಫ ಪರೀಕ್ಷೆ ಆಗಬೇಕು, ಅದರ ಕಾರಣ ಮುಂದೆ ಹೇಳುತ್ತೇನೆ.

ಮಾವನವರು ಕೆಮ್ಮಿದಾಗ ಗಾಳಿಗೆ ಸೇರಿದ ರೋಗಾಣು ನಿಮ್ಮ ಶ್ವಾಸಕೋಶಕ್ಕೆ ಹೋಗಿದೆ. ದೇಹದ ರಕ್ಷಣಾ ಕಣಗಳು ಅದನ್ನು ಸುತ್ತುವರಿದು ಹಿಡಿದಿಟ್ಟಿವೆ. ರೋಗಾಣು ಸತ್ತಿರಲಿಕ್ಕಿಲ್ಲ, ಆದರೆ ವೃದ್ಧಿಯಾಗುತ್ತಿಲ್ಲ. ಇದಕ್ಕೆ ಸುಪ್ತ ಟಿಬಿ ಎನ್ನುತ್ತೇವೆ. ಕಫದಲ್ಲಿ ರೋಗಾಣು ಇರುವುದಿಲ್ಲ, ಆದ್ದರಿಂದ ನಿಮ್ಮಿಂದ ಯಾರಿಗೂ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ. ಆ ಹಿಡಿತ ಸಡಿಲವಾಗಿ ರೋಗಾಣು ಬೆಳೆಯತೊಡಗಿದರೆ ಅದು ಸಕ್ರಿಯ ಟಿಬಿ. ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಆಗ ಶುರುವಾಗುತ್ತವೆ. ಸೋಂಕು ತಗಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಯಾವಾಗಲಾದರೂ ಹೀಗಾಗುತ್ತದೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲ ಎರಡು ವರ್ಷದಲ್ಲೇ ಆಗುತ್ತದೆ. ನೀವು ಈಗ ಆ ಎರಡು ವರ್ಷದ ಒಳಗಿದ್ದೀರಿ.

ಮಾಂಟೂ ಆಗಲಿ ಇಗ್ರಾ ಆಗಲಿ ರೋಗಾಣುವನ್ನೇ ಹುಡುಕುವ ಪರೀಕ್ಷೆಗಳಲ್ಲ. ನಿಮ್ಮ ರಕ್ಷಣಾ ಕಣಗಳಿಗೆ ಈ ರೋಗಾಣುವಿನ ಪರಿಚಯ ಇದೆಯೇ ಎಂದಷ್ಟೇ ಕೇಳುತ್ತವೆ. ಪರಿಚಯ ಸುಪ್ತ ಸೋಂಕಿನಲ್ಲೂ ಇರುತ್ತದೆ, ರೋಗದಲ್ಲೂ ಇರುತ್ತದೆ. ಹಾಗಾಗಿ ಇವೆರಡರಲ್ಲಿ ಯಾವುದು ಎಂದು ಈ ಪರೀಕ್ಷೆಗಳು ಹೇಳಲಾರವು. ಅದನ್ನು ಹೇಳುವುದು ಲಕ್ಷಣ, ಎಕ್ಸ್‌ರೇ, ಬೇಕಾದರೆ ಕಫ. ನಿಮಗೆ ಲಕ್ಷಣವೂ ಇಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ.

ಮಾಂಟೂವಿನಲ್ಲಿ ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು 0.1 ಮಿ.ಲೀ. ಮುಂಗೈಯ ಚರ್ಮದ ಪದರದೊಳಗೆ ಚುಚ್ಚುತ್ತಾರೆ. 48ರಿಂದ 72 ಗಂಟೆಯೊಳಗೆ ಅಳೆಯಬೇಕು. ಅಳೆಯಬೇಕಾದದ್ದು ಕೆಂಪನ್ನಲ್ಲ, ಗಟ್ಟಿಯಾದ ಉಬ್ಬನ್ನು. ಬಾಲ್‌ಪೆನ್ನನ್ನು ಹೊರಗಿನಿಂದ ಉಬ್ಬಿನ ಕಡೆಗೆ ನಿಧಾನವಾಗಿ ಎಳೆಯುತ್ತಾ ಹೋದರೆ ಅಂಚು ಸಿಕ್ಕಲ್ಲಿ ಪೆನ್ನು ತಡೆಯುತ್ತದೆ. ಎದುರು ಬದಿಯಿಂದಲೂ ಹಾಗೇ ಎಳೆದು, ಎರಡು ಗೆರೆಗಳ ನಡುವಿನ ಅಂತರವನ್ನು ಕೈಗೆ ಅಡ್ಡಲಾಗಿ ಸ್ಕೇಲ್ ಇಟ್ಟು ನೋಡುತ್ತೇವೆ. ಕೆಂಪು ಮೂರು ಸೆಂಟಿಮೀಟರ್ ಹರಡಿದ್ದರೂ ಉಬ್ಬು ಇಲ್ಲದಿದ್ದರೆ ಅದು ಸೊನ್ನೆಯೇ. ನಮ್ಮಲ್ಲಿ ಸಾಮಾನ್ಯವಾಗಿ 10 ಮಿ.ಮೀ. ಮತ್ತು ಮೇಲಿನದನ್ನು ಪಾಸಿಟಿವ್ ಎನ್ನುತ್ತೇವೆ. ಎಚ್‌ಐವಿ ಇದ್ದವರಿಗೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ 5 ಮಿ.ಮೀ. ಸಾಕು.

ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯಿಂದಲೂ ಮಾಂಟೂ ಉಬ್ಬಬಹುದು ಎಂದು ಯಾರಾದರೂ ಹೇಳಿಯಾರು. ಮಾತು ನಿಜ, ಆದರೆ ಶೈಶವದಲ್ಲಿ ಹಾಕಿದ ಲಸಿಕೆಯ ಪ್ರಭಾವ ಹತ್ತು ವರ್ಷ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ಇಳಿದಿರುತ್ತದೆ. ನಿಮ್ಮ 34ನೇ ವಯಸ್ಸಿನ 14 ಮಿ.ಮೀ.ಗೆ ಬಿಸಿಜಿಯನ್ನು ಕಾರಣ ಮಾಡಲಾಗದು. ಇಗ್ರಾದಲ್ಲಂತೂ ಆ ಅನುಮಾನವೇ ಇಲ್ಲ. ಅದರಲ್ಲಿ ಬಳಸುವ ಇಸಾಟ್-6, ಸಿಎಫ್‌ಪಿ-10 ಎಂಬ ಎರಡು ಪ್ರೋಟೀನ್‌ಗಳು ಬಿಸಿಜಿಯಲ್ಲಿ ಇಲ್ಲ.

ಇಗ್ರಾಕ್ಕೆ ನಾಲ್ಕು ಟ್ಯೂಬುಗಳಲ್ಲಿ ರಕ್ತ ತೆಗೆದಿದ್ದು ನಿಮಗೆ ನೆನಪಿರಬಹುದು. ಒಂದು ಖಾಲಿ, ಎರಡರಲ್ಲಿ ಟಿಬಿ ಪ್ರೋಟೀನ್, ನಾಲ್ಕನೆಯದರಲ್ಲಿ ರಕ್ಷಣಾ ಕಣಗಳನ್ನು ಹೇಗೂ ಕೆರಳಿಸುವ ಮೈಟೋಜೆನ್. ಟ್ಯೂಬುಗಳನ್ನು ದೇಹದ ಉಷ್ಣತೆಯಲ್ಲಿ 16ರಿಂದ 24 ಗಂಟೆ ಇಟ್ಟು, ಕಣಗಳು ಬಿಡುಗಡೆ ಮಾಡಿದ ಇಂಟರ್‌ಫೆರಾನ್ ಗಾಮಾ ಎಷ್ಟೆಂದು ಅಳೆಯುತ್ತಾರೆ. ಟಿಬಿ ಟ್ಯೂಬಿನ ಅಂಕಿಯಿಂದ ಖಾಲಿ ಟ್ಯೂಬಿನದನ್ನು ಕಳೆದಾಗ 0.35 ಅಥವಾ ಹೆಚ್ಚು ಉಳಿದರೆ ಪಾಸಿಟಿವ್. 0.35ರ ಆಸುಪಾಸಿನ ಫಲಿತಾಂಶ ಇನ್ನೊಮ್ಮೆ ಮಾಡಿದರೆ ಬದಲಾಗುವುದುಂಟು, ಹಾಗಾಗಿ ಅಂಥದ್ದನ್ನು ಹುಷಾರಾಗಿ ಓದುತ್ತೇವೆ. ನಿಮ್ಮ 1.86 ಆ ಗೆರೆಯಿಂದ ದೂರವಿದೆ, ಮಾಂಟೂ ಕೂಡ ಅದನ್ನೇ ಹೇಳುತ್ತಿದೆ. ಆದರೆ ಅಂಕಿ ದೊಡ್ಡದಾದಷ್ಟೂ ಕಾಯಿಲೆ ದೊಡ್ಡದು ಎಂದು ತಿಳಿಯಬೇಡಿ, ಈ ಅಂಕಿಗೆ ಆ ಅರ್ಥವಿಲ್ಲ. ಮೈಟೋಜೆನ್ ಟ್ಯೂಬಿನಲ್ಲೇ ಪ್ರತಿಕ್ರಿಯೆ ಬಾರದಿದ್ದರೆ ವರದಿಯಲ್ಲಿ ‘ಇಂಡಿಟರ್ಮಿನೇಟ್’ ಎಂದು ಬರುತ್ತದೆ. ಅದು ನೆಗೆಟಿವ್ ಅಲ್ಲ. ರೋಗಿಯ ಪ್ರತಿರೋಧ ಶಕ್ತಿ ಕುಗ್ಗಿರಬಹುದು, ಇಲ್ಲವೇ ದೂರದ ಲ್ಯಾಬಿಗೆ ಹೋಗುವ ದಾರಿಯಲ್ಲಿ ರಕ್ತ ಹೆಚ್ಚು ಹೊತ್ತು ಉಳಿದಿರಬಹುದು. ಹೊಸದಾಗಿ ರಕ್ತ ಕೊಡಬೇಕು.

ಇನ್ನು ನಿಮ್ಮ ಯಜಮಾನರು. ಐದನೇ ದಿನ ಓದಿದ 4 ಮಿ.ಮೀ.ಗೆ ಬೆಲೆಯಿಲ್ಲ, ಅಷ್ಟರಲ್ಲಿ ಉಬ್ಬು ಇಳಿದಿರಬಹುದು. ಸರಿಯಾದ ಸಮಯಕ್ಕೆ ಓದಿ ನೆಗೆಟಿವ್ ಬಂದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಸಕ್ರಿಯ ಟಿಬಿ ಇರುವ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಮಾಂಟೂ ನೆಗೆಟಿವ್ ಬರುತ್ತದೆ. ರೋಗ ಬಲವಾದಾಗ ದೇಹದ ಪ್ರತಿಕ್ರಿಯೆಯೇ ಮಂಕಾಗುವುದು ಅದಕ್ಕೊಂದು ಕಾರಣ. ಶುಗರ್ ಇದೆ, ಮನೆಯಲ್ಲೇ ರೋಗಿ ಇದ್ದರು, ಕೆಮ್ಮು ಎರಡು ವಾರ ದಾಟಿದೆ. ಅವರಿಗೆ ಇನ್ನೊಂದು ಮಾಂಟೂ ಬೇಡ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಸಲ ಕಫ ಕೊಡಲಿ. ಅದರಲ್ಲಿ ಒಂದು ಬೆಳಿಗ್ಗೆ ಎದ್ದ ಕೂಡಲೇ ಎದೆಯಾಳದಿಂದ ಕೆಮ್ಮಿ ತೆಗೆದದ್ದಾಗಿರಬೇಕು, ಬರೀ ಎಂಜಲಾದರೆ ಪ್ರಯೋಜನವಿಲ್ಲ. ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರದಲ್ಲಿ ನೋಡಿಸಿದರೆ ರೋಗಾಣುವಿನ ಜೊತೆಗೆ ರಿಫಾಂಪಿಸಿನ್ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ. ಎದೆಯ ಎಕ್ಸ್‌ರೇಯನ್ನೂ ಮಾಡಿಸಿ. ವರದಿ ಬರುವವರೆಗೆ ಅವರು ಮಗುವಿನಿಂದ ಬೇರೆ ಕೋಣೆಯಲ್ಲಿ ಕಿಟಕಿ ತೆರೆದು ಮಲಗಲಿ, ಮಾಸ್ಕ್ ಹಾಕಲಿ.

ಮಗನಿಗೆ ಐದು ವರ್ಷ ಆಗಿಲ್ಲವಾದ್ದರಿಂದ ಮಾಂಟೂ ಫಲಿತಾಂಶಕ್ಕೆ ಕಾಯಬೇಕಿಲ್ಲ. ವೈದ್ಯರು ನೋಡಿ ರೋಗ ಇಲ್ಲವೆಂದು ಖಚಿತಪಡಿಸಿದರೆ ತಡೆಗಟ್ಟುವ ಚಿಕಿತ್ಸೆಯನ್ನು ನೇರವಾಗಿ ಶುರುಮಾಡುತ್ತಾರೆ. ಈ ವಯಸ್ಸಿನಲ್ಲಿ ಸೋಂಕು ಬೇಗ ರೋಗವಾಗುತ್ತದೆ, ಮೆದುಳಿನ ಪೊರೆಗೂ ಹೋಗಬಹುದು.

ನಿಮಗೂ ತಡೆಗಟ್ಟುವ ಚಿಕಿತ್ಸೆ ಬೇಕು. ದಿನವೂ ಆರು ತಿಂಗಳು ಐಸೋನಿಯಾಜಿಡ್, ಇಲ್ಲವೇ ವಾರಕ್ಕೊಮ್ಮೆ ಐಸೋನಿಯಾಜಿಡ್ ಮತ್ತು ರಿಫಾಪೆಂಟೈನ್, ಒಟ್ಟು 12 ಸಲ. ಸರ್ಕಾರಿ ಕಾರ್ಯಕ್ರಮದಲ್ಲಿ ಇದು ಉಚಿತ. ಎರಡನೆಯದನ್ನು ಆರಿಸಿಕೊಂಡರೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಗರ್ಭಿಣಿಯಾಗಿದ್ದರೆ ಅದನ್ನು ಕೊಡುವುದೂ ಇಲ್ಲ. ಶುರುಮಾಡುವ ಮೊದಲು ಮಾವನವರ ಕಫದ ವರದಿಯನ್ನು ವೈದ್ಯರಿಗೆ ತೋರಿಸಿ. ಅವರ ರೋಗಾಣು ಐಸೋನಿಯಾಜಿಡ್‌ಗೆ ಬಗ್ಗದಿದ್ದರೆ ನಿಮಗೆ ಕೊಡುವ ಔಷಧಿಯೇ ಬದಲಾಗಬೇಕು. ಮಾತ್ರೆ ನಡೆಯುವಾಗ ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ.

ಕೋರ್ಸ್ ಮುಗಿದ ಮೇಲೆ ಗುಣವಾಯಿತೇ ಎಂದು ನೋಡಲು ಮಾಂಟೂ ಅಥವಾ ಇಗ್ರಾ ಮತ್ತೆ ಮಾಡಿಸಬೇಡಿ. ರೋಗಾಣು ಹೋದರೂ ಇವು ವರ್ಷಗಟ್ಟಲೆ ಪಾಸಿಟಿವ್ ಆಗಿಯೇ ಉಳಿಯಬಹುದು. ಮುಂದೆ ಎರಡು ವಾರ ಮೀರಿದ ಕೆಮ್ಮು ಬಂದರೆ ಕಫ ಮತ್ತು ಎಕ್ಸ್‌ರೇ ಮಾಡಿಸಿ, ಈಗಿನ ವರದಿ ಹಾಗೂ ಮಾತ್ರೆ ಮುಗಿಸಿದ ದಾಖಲೆಯನ್ನು ಜೊತೆಗೆ ಒಯ್ಯಿರಿ.