ಬ್ಯಾಕಪ್ ಆಗಿದೆ ಅಂತ ತೋರಿಸ್ತದೆ, ಡೇಟಾ ಮಾತ್ರ ತೆರೆಯುವುದಿಲ್ಲ

"ಉಡುಪಿಯಲ್ಲಿ ಐದು ಜನರ ಆಫೀಸು. ರಾತ್ರಿ ಟ್ಯಾಲಿ ಫೋಲ್ಡರ್ ರೋಬೋಕಾಪಿಯಲ್ಲಿ ಹೊರಗಿನ ಡಿಸ್ಕಿಗೆ ಹೋಗುತ್ತದೆ. ಶೆಡ್ಯೂಲರಿನಲ್ಲಿ ಎಲ್ಲ ಸರಿ. ಮೊನ್ನೆ ತೆರೆದರೆ ಕಂಪನಿ ಓಪನ್ ಆಗಲಿಲ್ಲ. ಯಾಕೆ?"

ಯಾರೋ ಟ್ಯಾಲಿ ಮುಚ್ಚದೆ ಮನೆಗೆ ಹೋಗಿರಬೇಕು. ತೆರೆದಿದ್ದ ಫೈಲುಗಳು ಕಾಪಿ ಆಗಿಲ್ಲ, ಉಳಿದವು ಆಗಿವೆ, ಹಾಗಾಗಿ ಅಲ್ಲಿರುವುದು ಹಳೆಯದು ಹೊಸದು ಬೆರೆತ ಫೋಲ್ಡರ್. ಲಾಗ್ ನೋಡದೆ ಖಚಿತ ಹೇಳಲಾರೆ, ಡಿಸ್ಕೇ ಕೆಟ್ಟಿರಲೂಬಹುದು. ಶೆಡ್ಯೂಲರನ್ನು ಸುಮ್ನೆ ನಂಬಬೇಡಿ, ಸ್ಕ್ರಿಪ್ಟ್ ಓಡಿತು ಅಂದ ಮಾತ್ರಕ್ಕೆ ಎಲ್ಲ ಫೈಲೂ ಬಂತು ಅಂತಲ್ಲ. `C:\logs` ಫೋಲ್ಡರ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿ, ಆಮೇಲೆ ಕಮಾಂಡಿಗೆ ಇದನ್ನು ಸೇರಿಸಿ:

```
/R:2 /W:5 /LOG:C:\logs\tally.txt
```

ಬೆಳಿಗ್ಗೆ ಆ ಫೈಲಿನಲ್ಲಿ `ERROR 32` ಹುಡುಕಿ. ಇದ್ದರೆ ಕಾರಣ ಇದೇ. ಆಗ ಕಾಪಿಗೆ ಮೊದಲು ಎಲ್ಲ ಪಿಸಿಯಲ್ಲೂ ಟ್ಯಾಲಿ ಮುಚ್ಚಿಸಿ.

ಇನ್ನು ಪರೀಕ್ಷೆ. ತಿಂಗಳ ಮೊದಲ ಸೋಮವಾರ, ಯಾರೂ ಎಂಟ್ರಿ ಶುರು ಮಾಡುವ ಮೊದಲೇ ಮಾಡಿ, ಆಮೇಲೆ ಮಾಡಿದರೆ ಲೆಕ್ಕ ತಾಳೆಯಾಗದು. ಡಿಸ್ಕಿನ ಫೋಲ್ಡರನ್ನು ಟ್ಯಾಲಿ ಇರುವ ಇನ್ನೊಂದು ಪಿಸಿಯಲ್ಲಿ `C:\RestoreTest` ಒಳಗೆ ಹಾಕಿ. ಅಸಲು ಫೋಲ್ಡರಿನ ಮೇಲೆ ಮಾತ್ರ ಯಾವತ್ತೂ ಹಾಕಬೇಡಿ. `Specify Path` ಕೊಟ್ಟು ಕಂಪನಿ ತೆರೆಯಿರಿ. ತೆರೆಯಿತು ಅಂದರೆ ಸಾಕಾಗದು ಅಲ್ವಾ, ಡೇ ಬುಕ್ಕಿನ ಕೊನೆಯ ವೋಚರ್ ಮತ್ತು ಟ್ರಯಲ್ ಬ್ಯಾಲೆನ್ಸಿನ ಮೊತ್ತ ಎರಡೂ ಕಡೆ ಒಂದೇ ಇರಬೇಕು. ಹಿಡಿದ ಸಮಯವನ್ನೂ ಬರೆದಿಡಿ, ಜಿಎಸ್‌ಟಿ ಕೊನೆಯ ದಿನ ಸರ್ವರ್ ಹೋದರೆ ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಿರುತ್ತದೆ. ಮುಗಿದ ಮೇಲೆ ಆ ಪರೀಕ್ಷೆಯ ಫೋಲ್ಡರ್ ಅಳಿಸಿ, ಇಲ್ಲವಾದರೆ ಯಾರಾದರೂ ಅದರಲ್ಲೇ ಬಿಲ್ ಹಾಕುತ್ತಾರೆ.