ಕಿರಿಯ ಮ್ಯಾನೇಜರ್ ಕೈಕೆಳಗೆ ಸಾಲದ ಕೆಲಸ ಕಲಿಯುವುದು

ಪ್ರಶ್ನೆ: ಉಡುಪಿಯ ಬ್ಯಾಂಕ್ ಶಾಖೆಯಲ್ಲಿದ್ದೇನೆ, ವಯಸ್ಸು 47. ಹೊಸ ಮ್ಯಾನೇಜರಿಗೆ 31. ಮನಸ್ಸು ಕಹಿ ಮಾಡಿಕೊಳ್ಳದೆ ಅವರಿಂದ ಸಾಲ ವಿಭಾಗದ ಕೆಲಸ ಬೇಗ ಕಲಿಯುವುದು ಹೇಗೆ?

ಉತ್ತರ: ಫೈಲನ್ನು ಬರೀ ಸಹಿಗೆ ಕೊಡಬೇಡಿ, ನಿಮ್ಮ ತೀರ್ಮಾನವನ್ನು ಅರ್ಧ ಪುಟದಲ್ಲಿ ಬರೆದು ಮುಂದಿಡಿ.

ಕಾರ್ಕಳದ ಸಣ್ಣ ಗೇರುಬೀಜ ಕಾರ್ಖಾನೆಯೊಂದು 2 ಕೋಟಿ ವಹಿವಾಟಿನ ಅಂದಾಜು ತೋರಿಸಿ ದುಡಿಯುವ ಬಂಡವಾಳ ಕೇಳಿದೆ ಎನ್ನಿ. ವಹಿವಾಟು ಪದ್ಧತಿಯಲ್ಲಿ ಅದರ 25%, ಅಂದರೆ 50 ಲಕ್ಷ ಬೇಕು: ಬ್ಯಾಂಕಿನದು 40, ಮಾಲೀಕರದು 10. ಈ ಗುಣಾಕಾರ ಸುಲಭ. ಕಲಿಯಬೇಕಾದದ್ದು ಆ 2 ಕೋಟಿಯನ್ನು ನಂಬಬಹುದೇ ಎಂಬುದು. ಕಳೆದ ವರ್ಷದ ಜಿಎಸ್‌ಟಿ ರಿಟರ್ನ್ 1.2 ಕೋಟಿ ತೋರಿಸಿದರೆ, "ವಹಿವಾಟನ್ನು 1.4 ಕೋಟಿಗೆ ಇಳಿಸಿ ಬ್ಯಾಂಕಿನ ಪಾಲು 28 ಲಕ್ಷ ಎಂದು ಬರೆದಿದ್ದೇನೆ. ನೀವಾದರೆ ಎಷ್ಟು ಬರೆಯುತ್ತಿದ್ದಿರಿ, ಏಕೆ?" ಎಂದು ಕೇಳಿ. "ಸರಿಯಿದೆಯಾ ಸರ್?" ಎಂದರೆ ಸಿಗುವುದು ಹೂಂ ಮಾತ್ರ; ಹೀಗೆ ಕೇಳಿದರೆ ಅವರ ಯೋಚನೆಯ ದಾರಿಯೇ ಸಿಗುತ್ತದೆ.

ನಿಮ್ಮಲ್ಲೂ ಕೊಡುವುದಕ್ಕಿದೆ. ಊರಿನ ಗೇರುಬೀಜ ಬೇಸಿಗೆಯಲ್ಲಿ ಒಟ್ಟಿಗೆ ಬರುವುದರಿಂದ ಆ ಸಮಯದಲ್ಲೇ ಕಾರ್ಖಾನೆಯ ಹಣ ದಾಸ್ತಾನಿನಲ್ಲಿ ಸಿಕ್ಕಿಕೊಳ್ಳುತ್ತದೆ. ವರ್ಷದ ಸರಾಸರಿ ಲೆಕ್ಕದಲ್ಲಿ ಅದು ಕಾಣದು. ಅದನ್ನು ಟಿಪ್ಪಣಿಯಲ್ಲೇ ಬರೆಯಿರಿ. ಗ್ರಾಹಕರ ಎದುರು ಮ್ಯಾನೇಜರನ್ನು ತಿದ್ದಿದರೆ ಅವರು ನಿಮ್ಮನ್ನು ಕೇಳುವುದನ್ನೇ ನಿಲ್ಲಿಸುತ್ತಾರೆ. ಅವರು ನಿಮ್ಮನ್ನು ಕೌಂಟರಿನಲ್ಲೇ ತಿದ್ದಿದರೆ, ಅದೇ ಸಂಜೆ ಕ್ಯಾಬಿನ್‌ನಲ್ಲಿ ನೇರವಾಗಿ ಹೇಳಿ. ಒಳಗಿಟ್ಟುಕೊಂಡರೆ ಮರುದಿನ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ.