20ಕ್ಕೆ 17 ಬರುವ ಬೀಜಗಣಿತಕ್ಕೆ ಆರು ಗಂಟೆ ಯಾಕೆ?

ಬೋರ್ಡ್ ಪರೀಕ್ಷೆ ಹತ್ತಿರ ಬಂತೆಂದರೆ ಇಂಥದ್ದೇ ಒಂದು ವೇಳಾಪಟ್ಟಿ ಹಿಡಿದು ಯಾರಾದರೂ ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಈ ಹುಡುಗಿಯ ವಿಷಯವನ್ನು, ಗುರುತು ಸಿಗದ ಹಾಗೆ ಬದಲಿಸಿ, ಬರೆಯುತ್ತಿದ್ದೇನೆ.

ಸಿಬಿಎಸ್‌ಇ ಹತ್ತನೇ ತರಗತಿ. 80 ಅಂಕದ ಗಣಿತದ ಪ್ರೀ-ಬೋರ್ಡ್‌ನಲ್ಲಿ 52 ಬಂದಿತ್ತು. ದಿನಕ್ಕೆ ಎರಡು ಗಂಟೆಯಂತೆ 12 ದಿನ ಉಳಿದಿತ್ತು. ಸಿಲಬಸ್‌ನ ವೇಟೇಜ್ ನೋಡಿ 24 ಗಂಟೆಯನ್ನೂ ಅದೇ ಲೆಕ್ಕದಲ್ಲಿ ಹಂಚಿದ್ದಳು. ಬೀಜಗಣಿತ 20 ಅಂಕ, ಆರು ಗಂಟೆ. ರೇಖಾಗಣಿತ 15 ಅಂಕ, ನಾಲ್ಕೂವರೆ ಗಂಟೆ.

ಎರಡನೇ ಭೇಟಿಗೆ ಉತ್ತರಪತ್ರಿಕೆ ತರಲು ಹೇಳಿದ್ದೆ. ಒಂದೊಂದು ಘಟಕದಲ್ಲಿ ಎಷ್ಟು ಬಂದಿದೆ, ಎಷ್ಟು ಹೋಗಿದೆ ಅಂತ ಅವಳಿಂದಲೇ ಬರೆಸಿದೆ. ಬೀಜಗಣಿತದಲ್ಲಿ 17. ರೇಖಾಗಣಿತದಲ್ಲಿ ಬರೀ 6. ತ್ರಿಕೋನಮಿತಿಯಲ್ಲಿ 12ಕ್ಕೆ 5. ಸ್ವಲ್ಪ ಹೊತ್ತು ಹಾಳೆ ನೋಡುತ್ತಾ ಕೂತಳು. ಆಮೇಲೆ, "ಮೇಡಂ, ಬೀಜಗಣಿತಕ್ಕೆ ಆರು ಗಂಟೆ ಕೂತರೂ ಇನ್ನು ಮೂರೇ ಅಂಕ ಅಲ್ವಾ ಸಿಗೋದು?" ಎಂದಳು.

ವೇಟೇಜ್ ಹೇಳುವುದು ಎಷ್ಟು ಅಂಕ ಇದೆ ಅಂತ ಮಾತ್ರ. ಎಷ್ಟು ಅಂಕ ಬಾಕಿ ಇದೆ ಅಂತ ನಮ್ಮ ಉತ್ತರಪತ್ರಿಕೆಯೇ ಹೇಳಬೇಕು. ಇನ್ನೊಂದು ವಿಷಯವೂ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಬೀಜಗಣಿತದ 20 ಅಂಕ ನಾಲ್ಕು ಪಾಠಗಳಿಗೆ ಹರಡಿದೆ. ರೇಖಾಗಣಿತದ 15 ಅಂಕ ತ್ರಿಭುಜ, ವೃತ್ತ ಎಂಬ ಎರಡೇ ಪಾಠಗಳದ್ದು. ಅಂದರೆ ಸರಾಸರಿ ಒಂದು ಪಾಠಕ್ಕೆ ಅಲ್ಲಿ ಐದು, ಇಲ್ಲಿ ಏಳೂವರೆ.

ಪೂರ್ತಿ ಪ್ರಶ್ನೆಪತ್ರಿಕೆ ಬಿಡಿಸಲು ನಾಲ್ಕು ಗಂಟೆ ಎತ್ತಿಟ್ಟೆವು. ಮಿಕ್ಕ 20 ಗಂಟೆಯನ್ನು ಕಳೆದುಕೊಂಡ ಅಂಕದ ಲೆಕ್ಕದಲ್ಲಿ ಹಂಚಿದೆವು. ರೇಖಾಗಣಿತಕ್ಕೆ ಆರು, ತ್ರಿಕೋನಮಿತಿಗೆ ಐದು, ಬೀಜಗಣಿತಕ್ಕೆ ಎರಡು. ಬೀಜಗಣಿತವನ್ನು ಪೂರ್ತಿ ಬಿಡಲು ನಾನು ಒಪ್ಪಲಿಲ್ಲ. ಮುಟ್ಟದೆ ಬಿಟ್ಟರೆ ಕೈಯಲ್ಲಿರುವ 17 ಕೂಡ ಜಾರುತ್ತದೆ.

ಅವಳ ಅಮ್ಮನಿಗೆ ಇದು ಇಷ್ಟವಾಗಲಿಲ್ಲ. "ಎಲ್ಲ ಪಾಠವನ್ನೂ ಸಮನಾಗಿ ಓದಿಸಬೇಕಲ್ವಾ ಮೇಡಂ, ಇದೇನು ಅಂಕದ ವ್ಯಾಪಾರ?" ಎಂದರು. ಮೊದಲ ಸಲ ಕಲಿಯುವಾಗ ಅವರ ಮಾತೇ ಸರಿ. ಆದರೆ ಇವಳು ಎಲ್ಲವನ್ನೂ ಒಮ್ಮೆ ಕಲಿತಾಗಿತ್ತು. ಗೊತ್ತಿರುವುದನ್ನೇ ಮತ್ತೆ ಬಿಡಿಸುತ್ತಿದ್ದರೆ ಓದಿದ ಸಮಾಧಾನ ಸಿಗುತ್ತದೆ, ಭಯ ಇರುವ ಪಾಠ ಹಾಗೇ ಉಳಿಯುತ್ತದೆ. ರೇಖಾಗಣಿತದಲ್ಲಿ ಹೋದ ಒಂಬತ್ತರಲ್ಲಿ ಐದು ಅಂಕ ಒಂದೇ ಪ್ರಶ್ನೆಯದ್ದು. ಥೇಲ್ಸ್ ಪ್ರಮೇಯದ ಸಾಧನೆ. ಅಲ್ಲಿ ಅವಳು ಚಿತ್ರವನ್ನೂ ಬರೆಯದೆ ಜಾಗ ಖಾಲಿ ಬಿಟ್ಟಿದ್ದಳು.

ಆರನೇ ದಿನ ಇನ್ನೊಂದು ಪೂರ್ತಿ ಪತ್ರಿಕೆ ಬಿಡಿಸಿದಳು. ಪ್ರಮೇಯ ಬರೆದಿದ್ದಳು. ಎತ್ತರ ಮತ್ತು ದೂರದ ಲೆಕ್ಕದಲ್ಲಿ ಮಾತ್ರ ಅವನತ ಕೋನವನ್ನು ತಪ್ಪು ಜಾಗದಲ್ಲಿ ಗುರುತಿಸಿ ಮತ್ತೆ ಅಂಕ ಕಳೆದುಕೊಂಡಿದ್ದಳು. ರೇಖಾಗಣಿತಕ್ಕೆ ಉಳಿದಿದ್ದ ಸಮಯದಲ್ಲಿ ಒಂದು ಗಂಟೆಯನ್ನು ಅವಳೇ ಹೊಡೆದುಹಾಕಿ ತ್ರಿಕೋನಮಿತಿಯ ಮುಂದೆ ಬರೆದಳು.